ಎಲ್ಲೂ ನಷ್ಟ ತೋರಿಸದ ಶೀಟು: ಆಪ್ಷನ್ ಪೇಆಫ್ ಲೆಕ್ಕದಲ್ಲಿ ನನ್ನ ಅನುಭವ

ಉಡುಪಿಯಲ್ಲಿ ಕೂತು ನಾನು ನಿಫ್ಟಿ ಆಪ್ಷನ್ ಮಾಡುತ್ತೇನೆ. ಜಾಸ್ತಿ ಐರನ್ ಕಾಂಡರ್. ನಾಲ್ಕು ಲೆಗ್ ಇದ್ದಾಗ ಎಲ್ಲಿ ಎಷ್ಟು ಹೋಗುತ್ತದೆ ಅಂತ ಆರ್ಡರ್ ಹಾಕುವ ಮೊದಲೇ ಕಾಣಬೇಕು. ಅದಕ್ಕೇ ಎಕ್ಸೆಲ್‌ನಲ್ಲಿ ಶೀಟು ಮಾಡಿಕೊಂಡೆ.

B1ರಲ್ಲಿ ಲಾಟ್ ಸೈಜ್. ಎಕ್ಸ್‌ಚೇಂಜ್ ಅದನ್ನು ಆಗಾಗ ಬದಲಿಸುತ್ತದೆ, ಹಾಗಾಗಿ ಫಾರ್ಮುಲಾದೊಳಗೆ ಬರೆಯಬೇಡಿ. 4ರಿಂದ 7ನೇ ಸಾಲಿನವರೆಗೆ ಒಂದೊಂದು ಲೆಗ್: A ಕಾಲಂನಲ್ಲಿ CE ಅಥವಾ PE, Bಯಲ್ಲಿ ಕೊಂಡರೆ 1, ಮಾರಿದರೆ -1, Cಯಲ್ಲಿ ಸ್ಟ್ರೈಕ್, Dಯಲ್ಲಿ ಪ್ರೀಮಿಯಂ, Eಯಲ್ಲಿ ಎಷ್ಟು ಲಾಟ್. G ಕಾಲಂನಲ್ಲಿ 50ರ ಅಂತರದಲ್ಲಿ ಎಕ್ಸ್‌ಪೈರಿ ಬೆಲೆಗಳು.

ಪ್ರಯೋಗಕ್ಕೆ ಹಾಕಿದ್ದು ಇದು: 24,800 ಕಾಲ್ 80ಕ್ಕೆ ಮಾರಿ 25,000 ಕಾಲ್ 40ಕ್ಕೆ ಕೊಂಡೆ. 24,200 ಪುಟ್ 75ಕ್ಕೆ ಮಾರಿ 24,000 ಪುಟ್ 40ಕ್ಕೆ ಕೊಂಡೆ. ಕೈಗೆ ಬರುವುದು 75 ಪಾಯಿಂಟ್. ಲಾಟ್ 75 ಅಂತ ಹಿಡಿದರೆ 5,625 ರೂಪಾಯಿ.

ಶೀಟು ತೆರೆದರೆ ಎಲ್ಲಾ ಬೆಲೆಗೂ 5,625! ಮಂಗಳೂರಿಂದ ಬಂದಿದ್ದ ಭಾವ ನೋಡಿ, "ಎಂಥದು ಮಾರಾಯ, ಇದ್ರಲ್ಲಿ ನಷ್ಟವೇ ಇಲ್ವಾ?" ಅಂದರು. ಆಗಲೇ ನನಗೆ ಅನುಮಾನ ಬಂತು. ನಿಫ್ಟಿ 25,200ಕ್ಕೆ ಹೋದರೆ ಮಾರಿದ ಕಾಲ್‌ನಲ್ಲಿ 400 ಹೋಗುತ್ತದೆ, ಕೊಂಡದ್ದರಲ್ಲಿ 200 ಬರುತ್ತದೆ. ಕ್ರೆಡಿಟ್ 75 ಸೇರಿಸಿದರೂ 125 ಪಾಯಿಂಟ್ ನಷ್ಟ, ಅಂದರೆ 9,375 ರೂಪಾಯಿ.

ತಪ್ಪು ಇದ್ದದ್ದು `MAX`ನಲ್ಲಿ. `SUMPRODUCT` ಒಳಗೆ `MAX(0,$G4-$C$4:$C$7)` ಅಂತ ಬರೆದಿದ್ದೆ. ಅದು ಪ್ರತಿ ಲೆಗ್‌ಗೆ ಬೇರೆ ಬೇರೆ ಉತ್ತರ ಕೊಡುವುದಿಲ್ಲ, ನಾಲ್ಕರಲ್ಲೂ ದೊಡ್ಡದನ್ನು ಒಂದೇ ಸಂಖ್ಯೆಯಾಗಿ ಕೊಡುತ್ತದೆ. ಒಂದು ಕಾಲ್ ಮಾರಿ ಒಂದು ಕೊಂಡಿರುವುದರಿಂದ ಆ ಸಂಖ್ಯೆ ಪ್ಲಸ್ಸು ಮೈನಸ್ಸು ಆಗಿ ಹೊಡೆದುಹೋಯಿತು. ಪುಟ್‌ನಲ್ಲೂ ಹಾಗೇ. ಉಳಿದದ್ದು ಬರೀ ಪ್ರೀಮಿಯಂ. `MAX` ಬಿಟ್ಟು, ಬೆಲೆ ಸ್ಟ್ರೈಕ್ ದಾಟಿದೆಯೇ ಎಂಬುದನ್ನೇ ಗುಣಿಸಿದೆ. H4ರಲ್ಲಿ ಹಾಕಿ ಕೆಳಗೆ ಎಳೆದದ್ದು:

```
=$B$1*SUMPRODUCT($B$4:$B$7*$E$4:$E$7*(
($A$4:$A$7="CE")*($G4>$C$4:$C$7)*($G4-$C$4:$C$7)
+($A$4:$A$7="PE")*($G4<$C$4:$C$7)*($C$4:$C$7-$G4)
-$D$4:$D$7))
```

ಈಗ 25,200ಕ್ಕೆ -9,375 ಬಂತು. ಬ್ರೇಕ್‌ಈವನ್‌ಗೆ ಪಕ್ಕದ I4ರಲ್ಲಿ:

```
=IF(H4*H5<0,G4-H4*(G5-G4)/(H5-H4),"")
```

24,850ಕ್ಕೆ 1,875 ಲಾಭ, 24,900ಕ್ಕೆ ಅಷ್ಟೇ ನಷ್ಟ. ಹಾಗಾಗಿ ಉತ್ತರ 24,875. ಕೆಳಗಿನದು 24,125. ಗೆರೆ ಬಾಗುವುದು ಸ್ಟ್ರೈಕ್‌ಗಳಲ್ಲಿ ಮಾತ್ರ, ಅದಕ್ಕೆ ಎಲ್ಲಾ ಸ್ಟ್ರೈಕೂ G ಕಾಲಂನಲ್ಲಿ ಇದ್ದರೆ ಇದು ಸರಿಯಾದ ಉತ್ತರವೇ. ಒಂದು ಬೆಲೆಗೆ H ಸರಿಯಾಗಿ ಸೊನ್ನೆ ಆದರೆ ಮಾತ್ರ ಈ ಫಾರ್ಮುಲಾ ಅದನ್ನು ಬಿಟ್ಟುಬಿಡುತ್ತದೆ, ಅದನ್ನು ಕಣ್ಣಲ್ಲೇ ನೋಡಿಕೊಳ್ಳಬೇಕು.

ಇದು ಎಕ್ಸ್‌ಪೈರಿ ದಿನದ ಲೆಕ್ಕ. ಬ್ರೋಕರೇಜು, ತೆರಿಗೆ ಸೇರಿಲ್ಲ. ನಡುವೆ ಪ್ರೀಮಿಯಂ ಉಬ್ಬಿದರೆ ನಿಮ್ಮ ಖಾತೆಯಲ್ಲಿ ಕಾಣುವ ಅಂಕಿ ಬೇರೆಯೇ ಇರುತ್ತದೆ. ಬೇರೆ ಬೇರೆ ಎಕ್ಸ್‌ಪೈರಿಯ ಲೆಗ್‌ಗಳನ್ನು ಇದರಲ್ಲಿ ಹಾಕಲೇಬೇಡಿ.