‘ಮುಗೀತು ಸಾರ್’ ಅಂದದ್ದು ಯಾವತ್ತು? ವಾರದ ಮೀಟಿಂಗ್‌ಗಳಿಂದ ಕೆಲಸದ ಇತಿಹಾಸ ಕಟ್ಟುವ ಬಗೆ

ನಮ್ಮ ಅಪಾರ್ಟ್‌ಮೆಂಟಿನ ರಿಪೇರಿ ಕೆಲಸ 2024ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ನಡೆಯಿತು. ಟೆರೇಸ್‌ಗೆ ವಾಟರ್‌ಪ್ರೂಫಿಂಗ್, ಹೊರಗೋಡೆಗೆ ಪೇಂಟಿಂಗ್, ಸಂಪ್ ದುರಸ್ತಿ. ಪ್ರತಿ ಭಾನುವಾರ ಬೆಳಿಗ್ಗೆ ಆನ್‌ಲೈನ್ ಮೀಟಿಂಗ್, ಅದರ ರೆಕಾರ್ಡಿಂಗ್. ಆರು ತಿಂಗಳಲ್ಲಿ 26 ಭಾನುವಾರ ಬಂದವು. ಎರಡು ಮೀಟಿಂಗ್ ರದ್ದಾದವು, ಒಂದರಲ್ಲಿ ರೆಕಾರ್ಡಿಂಗ್ ಒತ್ತೋದೇ ಮರೆತೆವು. ಉಳಿದ 23 ಇವತ್ತಿಗೂ ಇವೆ.

ಕೆಲಸವೆಲ್ಲ ಮುಗಿದ ಮೇಲೆ ಒಂದು ಸಣ್ಣ ಪ್ರಶ್ನೆ ಬಂತು. ಬಿ ಬ್ಲಾಕ್ ಟೆರೇಸ್ ಯಾವತ್ತು ಮುಗಿಯಿತು? ವಾರಂಟಿ ಶುರುವಾಗೋದು ಆ ದಿನದಿಂದ. ಕಮಿಟಿಯ ಐದು ಜನ ಐದು ತಾರೀಖು ಹೇಳಿದರು. ವಾಟ್ಸ್ಆ್ಯಪ್ ಗುಂಪಿನಲ್ಲಿ ಪ್ರತಿ ವಾರದ ಸಾರಾಂಶವೂ ಇತ್ತು. ಆದರೆ ಅದು ಆ ವಾರದ ಸಾರಾಂಶ, ಆ ಕೆಲಸದ್ದಲ್ಲ. ಒಂದು ಕೆಲಸ ಮಾರ್ಚ್‌ನಿಂದ ಜೂನ್‌ವರೆಗೆ ಹೇಗೆ ಸಾಗಿತು ಅಂತ ನೋಡಬೇಕಾದರೆ ಅವನ್ನೆಲ್ಲ ಅಡ್ಡಡ್ಡ ಓದಬೇಕು. ಕೊನೆಗೆ ಆ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಸಲ ತಪ್ಪಾಗಿ ಮಾಡಿದೆ, ಎರಡನೇ ಸಲ ಸರಿಯಾಯಿತು.

ಮೊದಲು ಕೆಲಸಗಳ ಪಟ್ಟಿ

ರೆಕಾರ್ಡಿಂಗ್ ತೆರೆಯುವ ಮುಂಚೆ ಕೊಟೇಶನ್ ತೆರೆಯಿರಿ. ಅದರಲ್ಲಿರುವ ಒಂದೊಂದು ಕೆಲಸಕ್ಕೂ ಒಂದು ಸಂಖ್ಯೆ ಕೊಡಿ. ನಮಗೆ 14 ಕೆಲಸ ಸಿಕ್ಕವು. ಬಿ ಬ್ಲಾಕ್ ಟೆರೇಸ್‌ಗೆ ‘ಟಿ3’ ಅಂತ ಇಟ್ಟೆ.

ಸಂಖ್ಯೆ ಯಾಕೆ ಅಂದರೆ ಜನ ಒಂದೇ ವಿಷಯವನ್ನು ಒಂದೇ ಹೆಸರಲ್ಲಿ ಕರೆಯೋದಿಲ್ಲ. ಇದೇ ಟಿ3 ನಮ್ಮ ಮೀಟಿಂಗ್‌ಗಳಲ್ಲಿ ‘ಬಿ ಬ್ಲಾಕ್ ಲೀಕೇಜ್’, ‘ಮೇಲಿನ ಕೆಲಸ’, ‘ಆ ನಾಲ್ಕನೇ ಮಹಡಿ ಮನೆಯವರ ಕಂಪ್ಲೇಂಟ್’ ಅಂತೆಲ್ಲ ಬಂದಿದೆ. ಸಂಖ್ಯೆ ಇಲ್ಲದಿದ್ದರೆ ಇವು ಮೂರು ಬೇರೆ ಕೆಲಸಗಳಾಗಿಬಿಡುತ್ತವೆ. ಹೊಸ ಅಡ್ಡಹೆಸರು ಕಿವಿಗೆ ಬಿದ್ದಾಗಲೆಲ್ಲ ಆ ಸಂಖ್ಯೆಯ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಒಂದೊಂದು ಮೀಟಿಂಗೂ ಪ್ರತ್ಯೇಕವಾಗಿ

ನಾನು ಎಡವಿದ್ದು ಇಲ್ಲೇ. ಮೊದಲ ವಾರದ ಸಾರಾಂಶ ಬರೆದೆ. ಎರಡನೇ ವಾರದ್ದನ್ನು ಅದಕ್ಕೆ ಬೆರೆಸಿ ಚಿಕ್ಕದು ಮಾಡಿದೆ. ಮೂರನೆಯದನ್ನು ಅದಕ್ಕೆ ಬೆರೆಸಿದೆ. ಹೀಗೆ ಎಂಟು ವಾರ ಆಗುವಷ್ಟರಲ್ಲಿ ಏಪ್ರಿಲ್‌ನ ತಡ ಪೂರ್ತಿ ಮಾಯ. ‘ಟೆರೇಸ್ ಕೆಲಸ ಸ್ವಲ್ಪ ನಿಧಾನವಾಗಿ ನಡೆಯುತ್ತಿದೆ’ ಅನ್ನುವ ಒಂದು ಸಾಲು ಉಳಿದಿತ್ತು, ಅಷ್ಟೇ. ಸಾರಾಂಶದ ಸಾರಾಂಶ ಮಾಡುತ್ತಾ ಹೋದರೆ ಮೊದಲು ಉದುರಿಹೋಗೋದು ತಾರೀಖು, ಆಮೇಲೆ ಹೇಳಿದವರ ಹೆಸರು.

ಹಾಗಾಗಿ ಪ್ರತಿ ಮೀಟಿಂಗನ್ನೂ ಹಿಂದಿನದು ಗೊತ್ತೇ ಇಲ್ಲ ಅನ್ನುವ ಹಾಗೆ ಕೇಳಿ. ಹಳೆಯದರಿಂದ ಶುರುಮಾಡಿ. ಒಂದೂವರೆ ಪಟ್ಟು ವೇಗದಲ್ಲಿ ಕೇಳಿದರೆ ಒಂದು ಗಂಟೆಯ ಮೀಟಿಂಗ್ 40 ನಿಮಿಷಕ್ಕೆ ಮುಗಿಯುತ್ತದೆ. ದಿನಕ್ಕೆ ಮೂರರಂತೆ ನನಗೆ ಎಂಟು ಸಂಜೆ ಹಿಡಿಯಿತು. ಮೀಟಿಂಗ್ ಆ್ಯಪ್ ತಾನೇ ಬರೆದುಕೊಟ್ಟ ಪಠ್ಯ ಇದ್ದರೆ ಹುಡುಕೋದಕ್ಕೆ ಒಳ್ಳೆಯದು, ನಂಬೋದಕ್ಕಲ್ಲ. ಕನ್ನಡ, ಇಂಗ್ಲಿಷ್, ಹಿಂದಿ ಬೆರೆಸಿ ಮಾತಾಡುವ ನಮ್ಮಂಥವರ ಮೀಟಿಂಗ್‌ನಲ್ಲಿ ‘ಫಿಫ್ಟೀನ್’ ಅಂದದ್ದು ಐವತ್ತಾಗಿ ಕೂತಿರುತ್ತದೆ. ಸಂಖ್ಯೆ ಮತ್ತು ತಾರೀಖನ್ನು ಮಾತ್ರ ಕಿವಿಯಿಂದಲೇ ಕೇಳಿ ಬರೆಯಿರಿ.

ಬರೆಯೋದು ಪ್ಯಾರಾ ಅಲ್ಲ, ಸಾಲು. ಗೂಗಲ್ ಶೀಟ್‌ನಲ್ಲಿ ಏಳು ಕಾಲಂ ಸಾಕು: ಮೀಟಿಂಗ್ ತಾರೀಖು, ರೆಕಾರ್ಡಿಂಗ್‌ನ ಎಷ್ಟನೇ ನಿಮಿಷ, ಕೆಲಸದ ಸಂಖ್ಯೆ, ಸ್ಥಿತಿ, ಹೇಳಿದವರು, ಕೊಟ್ಟ ಗಡುವು, ಒಂದು ವಾಕ್ಯದ ವಿವರ. ಒಂದು ಮೀಟಿಂಗ್‌ನಲ್ಲಿ ಆರು ಕೆಲಸಗಳ ಮಾತು ಬಂದರೆ ಆರು ಸಾಲು. ನಿಮಿಷದ ಕಾಲಂ ಬಿಡಬೇಡಿ. ನಾಳೆ ಯಾರಾದರೂ ‘ನಾನು ಹಾಗೆ ಹೇಳೇ ಇಲ್ಲ’ ಅಂದಾಗ ಅದೇ ಕೈಹಿಡಿಯೋದು.

‘ಮುಂದಿನ ಸೋಮವಾರ’ ಅಂದರೆ ಯಾವಾಗ?

ಅತಿ ಜಾಸ್ತಿ ತಲೆಕೆಡಿಸೋದು ತಾರೀಖು. ಒಂದು ಮಾತಿನಲ್ಲಿ ಮೂರು ತಾರೀಖು ಅಡಗಿರಬಹುದು: ಮಾತು ಆಡಿದ ದಿನ, ಆ ಸಂಗತಿ ನಡೆದ ದಿನ, ಮುಂದೆ ಮಾಡಿಕೊಡುತ್ತೇನೆ ಎಂದ ದಿನ. ಇವನ್ನು ಒಂದೇ ಕಾಲಂಗೆ ತುರುಕಬೇಡಿ. ಮಾತಿನ ದಿನಕ್ಕೂ ಗಡುವಿಗೂ ಕಾಲಂ ಇದೆ. ನಡೆದ ದಿನವನ್ನು ವಿವರದಲ್ಲಿ ಬರೆಯಿರಿ.

ಮಾರ್ಚ್ 17ರ ಭಾನುವಾರ ಗುತ್ತಿಗೆದಾರರು ‘ಮುಂದಿನ ಸೋಮವಾರ ಶುರು ಮಾಡ್ತೀವಿ’ ಅಂದರು. ಅದು ಮಾರನೇ ದಿನವೋ, 25ನೇ ತಾರೀಖೋ? ಆ ರೆಕಾರ್ಡಿಂಗನ್ನು ಎಷ್ಟು ಸಲ ಕೇಳಿದರೂ ಗೊತ್ತಾಗೋದಿಲ್ಲ. ಮಾರ್ಚ್ 24ರ ಮೀಟಿಂಗ್‌ನಲ್ಲಿ ‘ನಾಳೆ ಶುರು’ ಅಂದಿದ್ದಾರೆ, ಹಾಗಾಗಿ 25 ಅಂತ ಇಟ್ಟುಕೊಳ್ಳಬಹುದು. ಆದರೆ 17ರ ಸಾಲಿನಲ್ಲಿ ‘18 ಅಥವಾ 25’ ಎಂದೇ ವಿವರ ಇರಲಿ, ಗಡುವಿನ ಕಾಲಂ ಖಾಲಿ ಇರಲಿ. 25 ಅನ್ನೋದನ್ನು 24ರ ಸಾಲಿನಲ್ಲಿ ಹಾಕಿ. ಹಿಂದಿನ ಸಾಲನ್ನು ಇಂದಿನ ತಿಳಿವಳಿಕೆಯಿಂದ ತಿದ್ದಬಾರದು. ತಪ್ಪಾಗಿ ಕೇಳಿಸಿಕೊಂಡಿದ್ದರೆ ಮಾತ್ರ ತಿದ್ದಿ.

ಸ್ಥಿತಿಗೆ ಐದೇ ಮಾತು ಇಟ್ಟುಕೊಳ್ಳಿ: ಶುರುವಾಗಿಲ್ಲ, ನಡೆಯುತ್ತಿದೆ, ನಿಂತಿದೆ, ಮುಗಿಯಿತೆಂದರು, ಪರೀಕ್ಷಿಸಿ ಮುಗಿಸಿದೆ. ಕೊನೆಯ ಎರಡರ ನಡುವಿನ ಅಂತರವೇ ಈ ಇಡೀ ಕಥೆ.

ಟಿ3ರ ಹತ್ತು ಸಾಲು

23 ರೆಕಾರ್ಡಿಂಗ್ ಮುಗಿದ ಮೇಲೆ ಶೀಟನ್ನು ಟಿ3ಗೆ ಮಾತ್ರ ಫಿಲ್ಟರ್ ಮಾಡಿದೆ. ಮಾರ್ಚ್ 17 ಮತ್ತು 24ರ ಸಾಲುಗಳು ಆಗಲೇ ಗೊತ್ತು. ಮಾರ್ಚ್ 31: ಹಳೇ ಪದರ ಕೀಳುತ್ತಿದ್ದಾರೆ, ಇನ್ನು ಹತ್ತು ದಿನ, ಅಂದರೆ ಗಡುವು ಏಪ್ರಿಲ್ 10. ಏಪ್ರಿಲ್ 7 ಯುಗಾದಿಗೆ ಮುಂಚಿನ ಭಾನುವಾರ, ಮೀಟಿಂಗೇ ಇಲ್ಲ. 14ರಂದು ಟೆರೇಸಿನ ಮಾತೇ ಬರಲಿಲ್ಲ, ಇಡೀ ಮೀಟಿಂಗ್ ಪೇಂಟಿನ ಬಣ್ಣದ ಜಗಳಕ್ಕೆ ಹೋಯಿತು. ಏಪ್ರಿಲ್ 21: ನಿಂತಿದೆ, ಕೆಲಸಗಾರರು ಓಟು ಹಾಕಲು ಊರಿಗೆ ಹೋಗಿದ್ದಾರೆ, ಹೊಸ ಗಡುವು ಮೇ 5.

ಮೇ 5ರ ಮೀಟಿಂಗ್ ರೆಕಾರ್ಡ್ ಆಗಿಲ್ಲ! ಸರಿಯಾಗಿ ಗಡುವಿನ ದಿನವೇ. ಅವತ್ತು ಗುಂಪಿಗೆ ಬಂದ ‘ಕೊನೇ ಕೋಟ್ ಬಾಕಿ’ ಎಂಬ ಸಂದೇಶದಿಂದ ಸಾಲು ತುಂಬಿದೆ. ನಿಮಿಷದ ಕಾಲಂ ಖಾಲಿ ಬಿಟ್ಟು, ವಿವರದಲ್ಲಿ ‘ವಾಟ್ಸ್ಆ್ಯಪ್‌ನಿಂದ’ ಅಂತ ಬರೆದೆ. ನೆನಪಿನಿಂದ ತುಂಬಬೇಡಿ. ಐದು ಜನರ ಐದು ತಾರೀಖು ನೋಡಿದಿರಲ್ಲ.

ಮೇ 12: ‘ಮುಗೀತು ಸಾರ್.’ ಹೇಳಿದವರು ಗುತ್ತಿಗೆದಾರರು, ಹಾಗಾಗಿ ಸ್ಥಿತಿ ‘ಮುಗಿಯಿತೆಂದರು’. ಆ ವಾರದ ವಾಟ್ಸ್ಆ್ಯಪ್ ಸಾರಾಂಶದಲ್ಲಿ ಇದೇ ಮಾತು ‘ಬಿ ಬ್ಲಾಕ್ ಟೆರೇಸ್ ಪೂರ್ಣ’ ಅಂತಾಗಿದೆ. ಮೇ 19: ಟೆರೇಸ್ ಮೇಲೆ 48 ಗಂಟೆ ನೀರು ಕಟ್ಟಿ ನಿಲ್ಲಿಸಿ ನೋಡಿದರೆ ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ಒದ್ದೆ. ಸ್ಥಿತಿ ಮತ್ತೆ ‘ನಡೆಯುತ್ತಿದೆ’, ಗಡುವು ಜೂನ್ 2. ಜೂನ್ 9: ಮಳೆ, ಕೆಲಸ ನಿಂತಿದೆ, ಗಡುವು ಇಲ್ಲ. ಜೂನ್ 16: ಮತ್ತೆ ‘ಮುಗಿಯಿತೆಂದರು’. ಜೂನ್ 23: ಎರಡನೇ ಸಲ ನೀರು ಕಟ್ಟಿ ನೋಡಿದ್ದಾಯಿತು, ಒದ್ದೆ ಇಲ್ಲ. ಕೆಳಗಿನ ಮನೆಯವರೇ ಮೀಟಿಂಗ್‌ನಲ್ಲಿ ಹೇಳಿದರು. ಪರೀಕ್ಷಿಸಿ ಮುಗಿಸಿದೆ.

ಮೇ 12ರ ಸಾಲನ್ನು ನಾನು ಅಳಿಸಲಿಲ್ಲ, ‘ತಪ್ಪು’ ಅಂತಲೂ ಗುರುತು ಹಾಕಲಿಲ್ಲ. ಅವತ್ತು ಅವರು ಹಾಗೆ ಹೇಳಿದ್ದು ನಿಜ. ಎದುರುಬದುರು ಸಾಲುಗಳೆರಡೂ ಇರಬೇಕು, ಇತಿಹಾಸ ಅಂದರೆ ಅದೇ ಅಲ್ವಾ?

ಇವತ್ತಿನ ಸ್ಥಿತಿಯನ್ನು ಶೀಟೇ ತೆಗೆಯಲಿ

ಪ್ರತಿ ಕೆಲಸದ ಕೊನೆಯ ಸಾಲನ್ನು ಕೈಯಿಂದ ಹುಡುಕಬೇಕಿಲ್ಲ. ಸಾಲುಗಳ ಹಾಳೆಗೆ log ಎಂದು ಹೆಸರಿಟ್ಟು, ಬೇರೆ ಹಾಳೆಯಲ್ಲಿ ಇದನ್ನು ಹಾಕಿ:

```
=SORTN(SORT(FILTER(log!A2:G, log!C2:C<>""),1,FALSE,2,FALSE),999,2,3,TRUE)
```

ಒಳಗಿನ ಭಾಗ ಸಾಲುಗಳನ್ನು ಹೊಸದರಿಂದ ಹಳೆಯದಕ್ಕೆ ಜೋಡಿಸುತ್ತದೆ, ಒಂದೇ ಮೀಟಿಂಗ್‌ನಲ್ಲಿ ಎರಡು ಸಲ ಮಾತು ಬಂದಿದ್ದರೆ ನಿಮಿಷ ನೋಡುತ್ತದೆ. ಹೊರಗಿನದು ಪ್ರತಿ ಸಂಖ್ಯೆಗೆ ಮೊದಲು ಸಿಕ್ಕ ಒಂದು ಸಾಲನ್ನಷ್ಟೇ ಉಳಿಸುತ್ತದೆ. ಮೂರನೇ ಕಾಲಂ ಕೆಲಸದ ಸಂಖ್ಯೆ ಆಗಿರಬೇಕು, ಅದು ಬದಲಾದರೆ ಸೂತ್ರದ C2:C ಮತ್ತು 3 ಕೂಡ ಬದಲಾಗಬೇಕು. ತಾರೀಖು ನಿಜವಾದ ತಾರೀಖಾಗಿರಬೇಕು. ‘ಮಾರ್ಚ್ 17’ ಅಂತ ಅಕ್ಷರದಲ್ಲಿ ಟೈಪ್ ಮಾಡಿದರೆ ಕ್ರಮವೆಲ್ಲ ಏರುಪೇರಾಗುತ್ತದೆ. ಇತಿಹಾಸದಲ್ಲಿ ಏಪ್ರಿಲ್ ಆದಮೇಲೆ ಮಾರ್ಚ್ ಬಂದರೆ ಕಾರಣ ಬಹುತೇಕ ಇದೇ.

ಇಲ್ಲಿ ಬರುವ ತಾರೀಖು ಆ ಕೆಲಸದ ಸುದ್ದಿ ಕೊನೆಯ ಸಲ ಕೇಳಿದ ದಿನ. ಅದನ್ನು ಅಡಗಿಸಬೇಡಿ. ಸುದ್ದಿ ಇಲ್ಲ ಅಂದರೆ ಕೆಲಸ ಮುಗಿಯಿತು ಅಂತಲ್ಲ, ಚೆನ್ನಾಗಿ ನಡೆಯುತ್ತಿದೆ ಅಂತಲೂ ಅಲ್ಲ. ಟಿ3 ಏಪ್ರಿಲ್‌ನಲ್ಲಿ ಮೂರು ವಾರ ಸುದ್ದಿಯಿಲ್ಲದೆ ಇತ್ತು, ಆ ಹೊತ್ತಿಗೇ ಗಡುವು ತಪ್ಪಿದ್ದು. ಯಾರೂ ಕೇಳಲಿಲ್ಲ, ಯಾಕೆಂದರೆ ಕೊನೆಯ ಸಾರಾಂಶದಲ್ಲಿ ‘ನಡೆಯುತ್ತಿದೆ’ ಅಂತಿತ್ತು. ಎರಡು ವಾರ ಸುದ್ದಿ ಬಾರದ ಕೆಲಸದ ಬಗ್ಗೆ ಮುಂದಿನ ಮೀಟಿಂಗ್‌ನಲ್ಲಿ ಕೇಳೋದು ಅಂತ ಈಗ ಮಾಡಿಕೊಂಡಿದ್ದೇವೆ.

ಒಟ್ಟು ಎಷ್ಟು ಬೇರೆ ಬೇರೆ ಗಡುವು ಕೊಟ್ಟರು ಅಂತಲೂ ಎಣಿಸಬಹುದು:

```
=COUNTUNIQUE(FILTER(log!F2:F, log!C2:C="ಟಿ3", log!F2:F<>""))
```

ಟಿ3ಗೆ ನಾಲ್ಕು ಬರುತ್ತದೆ. ಅದರಲ್ಲಿ ಮಾರ್ಚ್ 25 ಶುರು ಮಾಡುವ ಗಡುವು. ಮುಗಿಸುವ ಗಡುವುಗಳು ಮೂರು. ಈ ಎರಡನ್ನು ಮೊದಲೇ ಬೇರೆ ಕಾಲಂನಲ್ಲಿ ಇಟ್ಟಿದ್ದರೆ ಚೆನ್ನಾಗಿತ್ತು, ನೀವು ಹಾಗೆ ಮಾಡಿ.

ಓದುವವರಿಗೆ

ಕಮಿಟಿಯವರಿಗೆ ಶೀಟ್ ಕೊಟ್ಟರೆ ಓದೋದಿಲ್ಲ. ಅವರಿಗಾಗಿ ತಿಂಗಳಿಗೆ ಒಂದು ಪ್ಯಾರಾ ಬರೆಯಿರಿ. ಅದರಲ್ಲಿ ಸ್ಥಿತಿ ಅಥವಾ ಗಡುವು ಬದಲಾದ ಕೆಲಸಗಳು ಮಾತ್ರ ಇರಲಿ. ಪ್ರತಿ ವಾಕ್ಯದ ಕೊನೆಗೆ ‘ಮೇ 19, 22ನೇ ನಿಮಿಷ’ ಅನ್ನುವ ಹಾಗೆ ಗುರುತು ಹಾಕಿ. ಹೊಸ ಪ್ಯಾರಾ ಬರೆಯುವಾಗ ಹಳೇ ಪ್ಯಾರಾ ನೋಡಿ ಬರೆಯಬೇಡಿ, ಸಾಲುಗಳನ್ನೇ ನೋಡಿ. ಇಲ್ಲವಾದರೆ ಮತ್ತೆ ಸಾರಾಂಶದ ಸಾರಾಂಶವೇ. ಕಳಿಸುವ ಮುಂಚೆ ಯಾವುದಾದರೂ ಐದು ಗುರುತು ಆರಿಸಿ ರೆಕಾರ್ಡಿಂಗ್ ತೆರೆದು ಕೇಳಿ. ನನ್ನ ಐದರಲ್ಲಿ ಒಂದು ತಪ್ಪಿತ್ತು, ಸಿ ಬ್ಲಾಕಿನ ಮಾತನ್ನು ಬಿ ಬ್ಲಾಕಿಗೆ ಬರೆದಿದ್ದೆ. ಆ ಮೀಟಿಂಗನ್ನು ಪೂರ್ತಿ ಮತ್ತೊಮ್ಮೆ ಕೇಳಬೇಕಾಯಿತು.

ಜಗಳ, ಬೈಗುಳ ಯಾವುದೂ ಸಾಲಿಗೆ ಬೇಡ. ರೆಕಾರ್ಡಿಂಗ್ ಕಮಿಟಿಯ ಹತ್ತಿರವೇ ಇರಲಿ, ಎಲ್ಲರಿಗೂ ಹಂಚೋದು ಇತಿಹಾಸವನ್ನು ಮಾತ್ರ.

ಗುತ್ತಿಗೆದಾರರ ಕೊನೆಯ ಬಿಲ್‌ನಲ್ಲಿ ಟೆರೇಸ್ ಮುಗಿದ ದಿನ ಮೇ 12 ಅಂತಿತ್ತು. ಹತ್ತು ಸಾಲನ್ನು ಪ್ರಿಂಟ್ ತೆಗೆದು ಅವರ ಮುಂದೆ ಇಟ್ಟೆವು. ಅವರು ಓದಿದರು, ಮೇ 19ರ ಸಾಲಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ‘ಇದು ಸರಿ ಸಾರ್, ಆದ್ರೆ ಏಪ್ರಿಲ್‌ನಲ್ಲಿ ನಿಮ್ಮ ಅಡ್ವಾನ್ಸ್ ಬಂದಿದ್ದೂ ತಡ, ಅದನ್ನೂ ಬರ್ಕೊಳ್ಳಿ’ ಅಂದರು. ಏಪ್ರಿಲ್ 21ರ ರೆಕಾರ್ಡಿಂಗ್ ತೆಗೆದು ನೋಡಿದರೆ ಆ ಮಾತು ನಿಜವಾಗಿಯೂ ಇತ್ತು. ನಾನೇ ಬರೆದುಕೊಂಡಿರಲಿಲ್ಲ. ಹನ್ನೊಂದನೇ ಸಾಲು ಸೇರಿಸಿದೆ, ವಾರಂಟಿಯ ಕಾಗದದಲ್ಲಿ ಜೂನ್ 23 ಅಂತಾಯಿತು.