ಹಳ್ಳಿಯ ಪಾರ್ಲರ್ ತರಬೇತಿ ಅಕಾಡೆಮಿ ಆಗುವುದು ಹೇಗೆ?

ಕೊಡಗಿನ ಮೂರ್ನಾಡಿನ ಬಳಿಯ ಹಳ್ಳಿಯೊಂದರಲ್ಲಿ ಮನೆಯ ಮುಂಭಾಗದ ಕೋಣೆಯಲ್ಲೇ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಮಹಿಳೆಯೊಬ್ಬರು ಅದನ್ನು ಹಂತಹಂತವಾಗಿ ತರಬೇತಿ ಅಕಾಡೆಮಿಯಾಗಿ ಬೆಳೆಸಿದ ಕಥೆ ಇದು. ಕಲಿಯಲು ಬರುವ ಹುಡುಗಿಯರು ಅವರನ್ನು ಅಕ್ಕ ಎನ್ನುವುದರಿಂದ ಇಲ್ಲಿಯೂ ಅವರು ಅಕ್ಕನೇ. ಆರಂಭದಲ್ಲಿ ಅವರ ಬಳಿ ಇದ್ದದ್ದು ಒಂದು ಕುರ್ಚಿ, ಒಂದು ಕನ್ನಡಿ, ಸ್ಟೀಮರ್ ಮತ್ತು ವ್ಯಾಕ್ಸ್ ಹೀಟರ್ ಮಾತ್ರ. ಪಾರ್ಲರ್ ದೊಡ್ಡದಾದರೆ ಅಕಾಡೆಮಿ ತಾನಾಗಿಯೇ ಆಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಅಕ್ಕ ಮೊದಲು ಮಾಡಿದ್ದು ಕುರ್ಚಿಗಳನ್ನು ಹೆಚ್ಚಿಸುವುದನ್ನಲ್ಲ. ತಮ್ಮ ಕೈಗೆ ಗೊತ್ತಿದ್ದ ಕೆಲಸವನ್ನು ಇನ್ನೊಬ್ಬರು ಕಲಿಯಬಹುದಾದ ಕ್ರಮದಲ್ಲಿ ಬರೆದಿಡುವುದನ್ನು.

ಮೊದಲ ಹೆಜ್ಜೆ: ಕೈಕೆಲಸವನ್ನು ಪಾಠವಾಗಿಸುವುದು

ಅವರು ಆರಿಸಿಕೊಂಡ ಮೊದಲ ಪಾಠ ಹುಬ್ಬಿನ ಥ್ರೆಡ್ಡಿಂಗ್. ಪಾರ್ಲರಿಗೆ ಬರುವವರಲ್ಲಿ ಹೆಚ್ಚಿನವರು ಕೇಳುವುದು ಇದನ್ನೇ. ಬಂಡವಾಳವೂ ಒಂದು ದಾರದ ಉಂಡೆಯಷ್ಟೇ. ಸುಮಾರು ಎರಡು ಅಡಿ ಹತ್ತಿ ದಾರದ ತುದಿಗಳನ್ನು ಗಂಟು ಹಾಕಿ, ನಡುವೆ ಆರೆಂಟು ಸುತ್ತು ತಿರುಚಿ, ಎರಡೂ ಕೈಗಳ ಬೆರಳುಗಳನ್ನು ಒಂದಾದ ಮೇಲೊಂದರಂತೆ ಅಗಲಿಸುತ್ತ ಆ ತಿರುಚನ್ನು ಆಚೀಚೆ ಓಡಿಸುವುದು ಮೊದಲ ಅಭ್ಯಾಸ. ಈ ಓಟ ಸರಾಗವಾಗುವವರೆಗೆ ಯಾರ ಮುಖವನ್ನೂ ಮುಟ್ಟುವಂತಿಲ್ಲ. ಆಮೇಲೆ ಹುಡುಗಿ ತನ್ನದೇ ಕಾಲಿನ ಕೂದಲಿನ ಮೇಲೆ ಅಭ್ಯಾಸ ಮಾಡುತ್ತಾಳೆ. ದಾರ ಚರ್ಮವನ್ನು ಹಿಡಿದರೆ ಆ ನೋವು ಮೊದಲು ತನಗೇ ಆಗಬೇಕೆಂಬುದು ಇಲ್ಲಿನ ನಿಯಮ.

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಅಕ್ಕ ಬಿಳಿಯ ಟಿಶ್ಯೂ ಕಾಗದದ ಮೇಲೆ ಕಿತ್ತ ಕೂದಲನ್ನು ಹರಡಿ ತೋರಿಸುತ್ತಾರೆ. ತುದಿಯಲ್ಲಿ ಸಣ್ಣ ಬಿಳಿ ಬೇರು ಕಂಡರೆ ಕೂದಲು ಬುಡದಿಂದ ಬಂದಿದೆ. ಕಾಣದಿದ್ದರೆ ನಡುವೆ ತುಂಡಾಗಿದೆ. ಬುಡದಿಂದ ಕಿತ್ತ ಕೂದಲು ಮತ್ತೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡು ಮೂರು ವಾರ ಹಿಡಿಯುತ್ತದೆ, ತುಂಡಾದದ್ದು ಕೆಲವೇ ದಿನಗಳಲ್ಲಿ ಮುಳ್ಳುಮುಳ್ಳಾಗಿ ಮೇಲೇಳುತ್ತದೆ. ತುಂಡಾಗುವುದಕ್ಕೆ ಮುಖ್ಯ ಕಾರಣಗಳು ಎರಡು: ದಾರ ಸಡಿಲವಾಗಿರುವುದು, ಇಲ್ಲವೇ ಕೂದಲು ಬೆಳೆದ ದಿಕ್ಕಿನಲ್ಲೇ ದಾರ ಓಡಿಸುವುದು. ಚರ್ಮ ಕಚ್ಚಿಕೊಂಡರೆ ಗ್ರಾಹಕಿ ತನ್ನ ಬೆರಳುಗಳಿಂದ ಹುಬ್ಬಿನ ಮೇಲೂ ರೆಪ್ಪೆಯ ಮೇಲೂ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದಿಲ್ಲ ಎಂದರ್ಥ. ದಾರದ ಒಂದು ತುದಿಯನ್ನು ಬಾಯಲ್ಲಿ ಕಚ್ಚಿ ಹಿಡಿಯುವ ರೂಢಿ ಹಲವು ಕಡೆ ಇದೆ. ಅಕ್ಕ ಕತ್ತಿನ ಸುತ್ತ ದಾರ ಹಾಕಿಕೊಳ್ಳುವ ಕ್ರಮವನ್ನಷ್ಟೇ ಕಲಿಸುತ್ತಾರೆ. ಎಂಜಲು ತಾಗಿದ ದಾರ ಕಣ್ಣಿನ ಅಷ್ಟು ಹತ್ತಿರ ಓಡಾಡಬಾರದು ಎಂಬ ಅವರ ಹಟ ನನಗೆ ಸಂಪೂರ್ಣ ಸರಿ ಎನಿಸುತ್ತದೆ.

ಹೀಗೆಯೇ ವ್ಯಾಕ್ಸಿಂಗ್, ಫೇಶಿಯಲ್ ಮತ್ತು ಕೂದಲಿಗೆ ಬಣ್ಣ ಹಚ್ಚುವ ಕೆಲಸಗಳನ್ನೂ ಅವರು ಒಂದು ನೋಟ್‌ಬುಕ್ಕಿನಲ್ಲಿ ಬರೆದರು: ಏನು ಮಾಡಬೇಕು, ತಪ್ಪಾದರೆ ಹೇಗೆ ಗೊತ್ತಾಗುತ್ತದೆ, ಯಾವಾಗ ನಿಲ್ಲಿಸಬೇಕು. ಹೇರ್ ಡೈ ಹಚ್ಚುವ 48 ಗಂಟೆ ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ನೋಡುವುದು, ವ್ಯಾಕ್ಸಿನ ಬಿಸಿಯನ್ನು ತನ್ನ ಮಣಿಕಟ್ಟಿನ ಒಳಭಾಗದಲ್ಲಿ ಪರೀಕ್ಷಿಸುವುದು, ಒಮ್ಮೆ ಚರ್ಮಕ್ಕೆ ತಾಗಿದ ಕಡ್ಡಿಯನ್ನು ಮತ್ತೆ ವ್ಯಾಕ್ಸಿನಲ್ಲಿ ಅದ್ದದಿರುವುದು ಮುಂತಾದವುಗಳಿಗೆ ಅಲ್ಲಿ ವಿನಾಯಿತಿ ಇಲ್ಲ. ಲೇಸರ್, ಚುಚ್ಚುಮದ್ದು, ನರುಳ್ಳೆ ತೆಗೆಯುವುದು ವೈದ್ಯರ ಕೆಲಸವೆಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇದೆ.

ಎರಡನೆಯ ಹೆಜ್ಜೆ: ಕೊಡಗಿನ ಕಾಲಕ್ಕೆ ಹೊಂದಿಸುವುದು

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳಲ್ಲಿ ಕೊಡವರಲ್ಲಿ ಮದುವೆಗಳು ನಡೆಯುವುದಿಲ್ಲ. ಮಳೆ ಜೋರಾಗಿರುವುದರಿಂದ ಉಳಿದ ಗ್ರಾಹಕರೂ ಕಡಿಮೆ. ನವೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು ಇರುವುದರಿಂದ ತೋಟದ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ತರಗತಿಗೆ ಬರುವುದು ಕಷ್ಟ. ಆದ್ದರಿಂದ ಅಕ್ಕ ಮೂರು ತಿಂಗಳ ಬ್ಯಾಚನ್ನು ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಇಟ್ಟುಕೊಂಡರು. ಕಲಿತವರು ಮುಂದಿನ ಮದುವೆಗಳಲ್ಲಿ ಅವರೊಂದಿಗೆ ಸಹಾಯಕರಾಗಿ ಹೋಗಬಹುದು. ನೆರಿಗೆಯನ್ನು ಹಿಂದಕ್ಕೆ ಇಟ್ಟು ಸೆರಗನ್ನು ಬಲ ಭುಜದ ಮೇಲೆ ಪಿನ್ ಮಾಡುವ ಕೊಡವ ಸೀರೆಯ ಉಡುಗೆಯೂ, ಕೊರಳಿನ ಆಭರಣಗಳಾದ ಜೋಮಾಲೆ, ಪತ್ತಾಕ್‌ಗಳು ಸರಿಯಾಗಿ ಕಾಣುವಂತೆ ಕುಪ್ಪಸ ಮತ್ತು ಸೆರಗನ್ನು ಹೊಂದಿಸುವುದೂ ಹೊರಗಿನ ಕೋರ್ಸುಗಳಲ್ಲಿ ಸುಲಭವಾಗಿ ಸಿಗದ ಪಾಠ. ಹಾಗಾಗಿ ಕೊನೆಯ ಎರಡು ವಾರಗಳನ್ನು ಅದಕ್ಕೇ ಮೀಸಲಿಡಲಾಯಿತು.

ಮಳೆಗಾಲಕ್ಕೆ ತನ್ನದೇ ತೊಂದರೆ ಇದೆ. ಟವೆಲುಗಳು ಒಣಗುವುದಿಲ್ಲ, ತೇವದಲ್ಲಿ ಬೂಸ್ಟು ಬಂದರೆ ಚರ್ಮದ ಸೋಂಕಿಗೆ ದಾರಿ. ಅಕ್ಕ ದಪ್ಪ ಟವೆಲುಗಳನ್ನು ಬಿಟ್ಟು ತೆಳು ಹತ್ತಿ ಬಟ್ಟೆಗೆ ಬದಲಾಯಿಸಿಕೊಂಡರು. ಅದನ್ನು ಬಿಸಿನೀರಿನಲ್ಲಿ ತೊಳೆದು ಒಲೆಯ ಕೋಣೆಯಲ್ಲಿ ಒಣಗಿಸಿ ಇಸ್ತ್ರಿ ಹಾಕುತ್ತಾರೆ. ಚಿಮಟ, ಬ್ಲ್ಯಾಕ್‌ಹೆಡ್ ತೆಗೆಯುವ ಕಡ್ಡಿಗಳನ್ನು ಸೋಪಿನಿಂದ ಉಜ್ಜಿ 20 ನಿಮಿಷ ಕುದಿಸಿ, ಒಣಗಿಸಿ, ಮುಚ್ಚಳದ ಡಬ್ಬಿಯಲ್ಲಿ ಇಡುವುದು ಪ್ರತಿದಿನದ ಮೊದಲ ಪಾಠ. ಕರೆಂಟ್ ಹೋದಾಗ ಸ್ಟೀಮರ್ ನಡೆಯುವುದಿಲ್ಲವಾದ್ದರಿಂದ ಅಂಥ ದಿನಗಳಿಗೆ ಥ್ರೆಡ್ಡಿಂಗ್, ಮೆಹಂದಿ, ಸೀರೆ ಉಡಿಸುವ ಅಭ್ಯಾಸವನ್ನು ಮೊದಲೇ ಗೊತ್ತುಮಾಡಿರುತ್ತಾರೆ.

ಮೂರನೆಯ ಹೆಜ್ಜೆ: ಸಣ್ಣ ಬ್ಯಾಚು, ಬರೆದಿಟ್ಟ ಲೆಕ್ಕ

ಮೊದಲ ಬ್ಯಾಚಿನಲ್ಲಿ ಆರು ಜನ, ತಲಾ 9,000 ರೂಪಾಯಿ ಶುಲ್ಕ, ಒಟ್ಟು 54,000. ಪ್ರತಿಯೊಬ್ಬಳ ಅಭ್ಯಾಸದ ಸಾಮಗ್ರಿಗೆ 2,500ರಂತೆ 15,000, ಪಕ್ಕದ ಕೋಣೆಯ ಬಾಡಿಗೆ ಮೂರು ತಿಂಗಳಿಗೆ 9,000, ಸಹಾಯಕಿಗೆ 12,000, ವಿದ್ಯುತ್ ಮತ್ತು ಇತರ ಖರ್ಚು 3,000. ಉಳಿದದ್ದು 15,000, ತಿಂಗಳಿಗೆ 5,000 ಮಾತ್ರ. ಒಬ್ಬಳು ಮಧ್ಯದಲ್ಲಿ ಬಿಟ್ಟುಹೋಗಿ ಶುಲ್ಕ ಬರದಿದ್ದರೆ ಈ ಉಳಿತಾಯದ ಬಹುಪಾಲು ಹೋಗುತ್ತದೆ. ಆದ್ದರಿಂದ ಸೇರುವಾಗಲೇ ಮೂರನೇ ಒಂದು ಭಾಗ, ಉಳಿದದ್ದು ಪ್ರತಿ ತಿಂಗಳ ಮೊದಲ ವಾರ ಎಂಬ ಕರಾರನ್ನು ಕಾಗದದಲ್ಲಿ ಬರೆಸಿಕೊಂಡರು. ಒಂದು ಬ್ಯಾಚಿಗೆ ಆರಕ್ಕಿಂತ ಹೆಚ್ಚು ಜನರನ್ನು ತೆಗೆದುಕೊಂಡರೆ ಒಬ್ಬ ಶಿಕ್ಷಕಿಗೆ ಪ್ರತಿಯೊಬ್ಬರ ಬೆರಳುಗಳನ್ನು ಗಮನಿಸಲು ಆಗುವುದಿಲ್ಲ. ಶುಲ್ಕ ಇಳಿಸಿ ಹತ್ತು ಜನರನ್ನು ಸೇರಿಸಿಕೊಳ್ಳುವಂತೆ ಬಂದ ಸಲಹೆಯನ್ನು ಅವರು ಒಪ್ಪದಿದ್ದುದು ಈ ಕಾರಣಕ್ಕೆ.

ಎರಡನೆಯ ಬ್ಯಾಚಿಗೆ ಹೊಸ ಕುರ್ಚಿಗಳೂ ಇನ್ವರ್ಟರ್ ಕೂಡ ಬೇಕಾದಾಗ ಅವರು ಮುದ್ರಾ ಯೋಜನೆಯಡಿ ಸಾಲ ಕೇಳಿದರು. ಇದರ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ, ಕಿಶೋರ್ ವಿಭಾಗದಲ್ಲಿ 5 ಲಕ್ಷದವರೆಗೆ ಆಸ್ತಿ ಅಡಮಾನವಿಲ್ಲದೆ ಸಾಲಕ್ಕೆ ಅವಕಾಶವಿದೆ. ಬ್ಯಾಂಕಿನವರು ನೋಡಿದ್ದು ಯಂತ್ರಗಳ ಕೊಟೇಶನ್, ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪತ್ರ ಮತ್ತು ಮೊದಲ ಬ್ಯಾಚಿನ ಲೆಕ್ಕದ ಪುಸ್ತಕವನ್ನು. ಉದ್ಯಮ್ ನೋಂದಣಿಗೆ ಸರ್ಕಾರಿ ಜಾಲತಾಣದಲ್ಲಿ ಯಾವ ಶುಲ್ಕವೂ ಇಲ್ಲ; ಮಧ್ಯವರ್ತಿಗೆ ಹಣ ಕೊಡಬೇಕಾಗಿಲ್ಲ. ಗ್ರಾಮ ಪಂಚಾಯಿತಿಯ ಪರವಾನಗಿಯಲ್ಲಿ ಪಾರ್ಲರ್ ಜೊತೆಗೆ ತರಬೇತಿಯನ್ನೂ ಸೇರಿಸಿಕೊಳ್ಳುವುದನ್ನು ಮರೆಯಬಾರದು.

ನಾಲ್ಕನೆಯ ಹೆಜ್ಜೆ: ಪ್ರಮಾಣಪತ್ರದ ಬಗ್ಗೆ ನೇರ ಮಾತು

ಬೋರ್ಡಿನಲ್ಲಿ ಅಕಾಡೆಮಿ ಎಂದು ಬರೆದ ಮಾತ್ರಕ್ಕೆ ಅಲ್ಲಿನ ಪ್ರಮಾಣಪತ್ರಕ್ಕೆ ಸರ್ಕಾರಿ ಮಾನ್ಯತೆ ಬರುವುದಿಲ್ಲ. ಇದನ್ನು ಅಕ್ಕ ಸೇರುವ ದಿನವೇ ಹುಡುಗಿಯರ ತಾಯಂದಿರ ಮುಂದೆ ಹೇಳುತ್ತಾರೆ. “ನಾನು ಕೊಡುವ ಕಾಗದ ನೀವು ಇಲ್ಲಿ ಏನೇನು ಕಲಿತಿರಿ ಎಂಬುದಕ್ಕೆ ಸಾಕ್ಷಿ, ಅಷ್ಟೇ” ಎಂಬುದು ಅವರ ಮಾತು. ಆ ಕಾಗದದಲ್ಲಿ ಕಲಿತ ಕೆಲಸಗಳ ಪಟ್ಟಿಯೂ, ಮೇಲ್ವಿಚಾರಣೆಯಲ್ಲಿ ಎಷ್ಟು ಗ್ರಾಹಕರಿಗೆ ಮಾಡಿದ್ದಾರೆ ಎಂಬ ಸಂಖ್ಯೆಯೂ ಇರುತ್ತದೆ. ಸರ್ಕಾರಿ ಮಾನ್ಯತೆಯ ಪತ್ರವೇ ಬೇಕಾದವರಿಗೆ ಐಟಿಐಗಳ ಒಂದು ವರ್ಷದ ಕಾಸ್ಮೆಟಾಲಜಿ ಕೋರ್ಸು ಇದೆ; ಸೌಂದರ್ಯ ಕ್ಷೇತ್ರದ ಕೌಶಲ ಮಂಡಳಿಯ ಅಸಿಸ್ಟೆಂಟ್ ಬ್ಯೂಟಿ ಥೆರಪಿಸ್ಟ್ ಪರೀಕ್ಷೆ ಇನ್ನೊಂದು ದಾರಿ. ಸ್ವಂತ ಪಾರ್ಲರ್ ತೆರೆಯುವ ಉದ್ದೇಶವಿದ್ದವರಿಗೆ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್‌ನಂಥ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಸಿಗುತ್ತದೆ. ಅಲ್ಲಿ ವ್ಯವಹಾರದ ಲೆಕ್ಕವನ್ನೂ ಕಲಿಸುತ್ತಾರೆ.

ಮೊದಲ ಬ್ಯಾಚಿನ ಇಬ್ಬರನ್ನು ಅಕ್ಕ ಮದುವೆಗಳಿಗೆ ದಿನಗೂಲಿಯ ಮೇಲೆ ಕರೆದೊಯ್ಯುತ್ತಾರೆ. ಅವರಲ್ಲಿ ಒಬ್ಬಳು ಈಗ ಎರಡನೆಯ ಬ್ಯಾಚಿಗೆ ಥ್ರೆಡ್ಡಿಂಗ್ ಪಾಠ ಹೇಳುತ್ತಾಳೆ, ಅದಕ್ಕೆ ಬೇರೆ ಸಂಬಳವಿದೆ.