ಡೇಟಾ ವರದಿಗೆ ಅಂಕ ಕೊಡುವಾಗ ಮೊದಲು ಚಾರ್ಟ್ ನೋಡಿ

ವಿದ್ಯಾರ್ಥಿಯ ವಿವರಣೆ ಓದುವ ಮೊದಲೇ ಚಾರ್ಟ್ ನೋಡಿ, ನಿಮಗೆ ಏನು ಕಾಣಿಸಿತು ಅಂತ ಒಂದು ಸಾಲು ಬರೆದಿಟ್ಟುಕೊಳ್ಳಿ. ಆಮೇಲೆ ಅವರ ಮಾತಿನ ಜೊತೆ ಹೋಲಿಸಿ.

ನಾನು ನೋಡಿದ ಒಂದು ವರದಿ ನಿದ್ದೆ ಮತ್ತು ಅಂಕದ ಬಗ್ಗೆ ಇತ್ತು. 24 ಮಕ್ಕಳು, ಕಡಿಮೆ ನಿದ್ದೆ ಮಾಡುವವರು ಮತ್ತು ಜಾಸ್ತಿ ನಿದ್ದೆ ಮಾಡುವವರು ಅಂತ ಎರಡು ಗುಂಪು, ಸರಾಸರಿ ಅಂಕ 68 ಮತ್ತು 72. ಬಾರ್ ಚಾರ್ಟಿನ ಅಕ್ಷ 60ರಿಂದ ಶುರುವಾಗಿದ್ದರಿಂದ ಎರಡನೇ ಬಾರ್ ಒಂದೂವರೆ ಪಟ್ಟು ಎತ್ತರ ಕಾಣುತ್ತಿತ್ತು, ನಿಜವಾದ ವ್ಯತ್ಯಾಸ ಬರೀ 4 ಅಂಕ! ಬಾರ್ ಅಂದಮೇಲೆ ಅಕ್ಷ ಸೊನ್ನೆಯಿಂದಲೇ ಶುರುವಾಗಬೇಕು. ಇಲ್ಲಿ ನಿದ್ದೆಯ ಗಂಟೆಯೂ ಸಂಖ್ಯೆ, ಅಂಕವೂ ಸಂಖ್ಯೆ, ಹಾಗಾಗಿ ಚುಕ್ಕಿಗಳ ಸ್ಕ್ಯಾಟರ್ ಚಾರ್ಟೇ ಸರಿ. ಚಾರ್ಟಿಗೆ 3ರಲ್ಲಿ 1 ಕೊಟ್ಟೆ.

'ಜಾಸ್ತಿ ನಿದ್ದೆ ಮಾಡಿದರೆ ಅಂಕ ಏರುತ್ತದೆ' ಅಂತ ಬರೆದಿದ್ದರು. ಒಟ್ಟಿಗೆ ಕಾಣಿಸಿದ್ದನ್ನೇ ಕಾರಣ ಅಂದುಬಿಟ್ಟಿದ್ದರು, ಅಲ್ವಾ? ತೀರ್ಮಾನಕ್ಕೆ 4ರಲ್ಲಿ 2.

ತಮ್ಮ ಡೇಟಾದ ಮಿತಿಗಳನ್ನು ಬರೆದ ಭಾಗಕ್ಕೆ ಮಾತ್ರ ಪೂರ್ತಿ 3 ಕೊಟ್ಟೆ. ಸುಮ್ನೆ 'ಡೇಟಾ ಕಡಿಮೆ ಇದೆ' ಅಂದಿದ್ದರೆ 1 ಕೊಡುತ್ತಿದ್ದೆ. ಆದರೆ ಇವರು, ನಿದ್ದೆಯ ಗಂಟೆಗಳನ್ನು ಮಕ್ಕಳು ನೆನಪಿನಿಂದ ಹೇಳಿದ್ದು, ಅರ್ಧ ಗಂಟೆ ತಪ್ಪಿದರೂ ಕೆಲವರ ಗುಂಪೇ ಬದಲಾಗುತ್ತದೆ ಅಂತ ಬರೆದಿದ್ದರು. ಒಪ್ಪಿಕೊಂಡ ತಪ್ಪಿಗೆ ದಯವಿಟ್ಟು ಅಂಕ ಕಡಿಯಬೇಡಿ, ಮುಂದಿನ ಸಲ ಅದನ್ನು ಮುಚ್ಚಿಡುತ್ತಾರೆ.